ಜೂನ್ 4, 2024ರ ಒಂದು ಪುಟ್ ಸ್ಪ್ರೆಡ್: ಎರಡು ಲಕ್ಷದ ಖಾತೆಗೆ ಎಷ್ಟು ಲಾಟ್?

ಲೋಕಸಭಾ ಚುನಾವಣೆಯ ಫಲಿತಾಂಶ ಬಂದ 2024ರ ಜೂನ್ ಮೊದಲ ವಾರದಲ್ಲಿ ನಿಫ್ಟಿ ಸೂಚ್ಯಂಕ ಸಾಗಿದ ದಾರಿಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಮೇ 31ರ ಶುಕ್ರವಾರ ಅದು 22,530ರಲ್ಲಿ ಮುಗಿದಿತ್ತು. ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದವು, ಸೋಮವಾರ ಬೆಳಿಗ್ಗೆ ಸೂಚ್ಯಂಕ ಸುಮಾರು 800 ಅಂಶ ಮೇಲೆ ತೆರೆದುಕೊಂಡು ಸಂಜೆಗೆ 23,263.90ರಲ್ಲಿ ನಿಂತಿತು. ಮಂಗಳವಾರ, ಎಣಿಕೆಯ ದಿನ, ಒಂದು ಹಂತದಲ್ಲಿ 21,281ರವರೆಗೆ ಕುಸಿದು 21,884.50ರಲ್ಲಿ ಮುಗಿಯಿತು, ಅಂದರೆ ಒಂದೇ ದಿನದಲ್ಲಿ 1,379 ಅಂಶ, ಶೇಕಡಾ 5.93ರಷ್ಟು ಇಳಿಕೆ. ಬುಧವಾರ 22,620ಕ್ಕೆ ಏರಿತು. ಗುರುವಾರ, ಅಂದರೆ ಆ ವಾರದ ಎಕ್ಸ್‌ಪೈರಿಯ ದಿನ, 22,821.40ರಲ್ಲಿ ಕೊನೆಗೊಂಡಿತು.

ಸೀಮಿತ ನಷ್ಟದ ಸ್ಪ್ರೆಡ್‌ಗಳನ್ನು ಮಾರುವ ಸಣ್ಣ ಖಾತೆಗಳಿಗೆ ಈ ನಾಲ್ಕು ದಿನಗಳಷ್ಟು ಒಳ್ಳೆಯ ಅಧ್ಯಯನ ವಸ್ತು ಸಿಗುವುದು ಅಪರೂಪ. ನಷ್ಟಕ್ಕೆ ಮಿತಿ ಇದೆ ಎಂದುಕೊಂಡು ವ್ಯಾಪಾರಕ್ಕೆ ಇಳಿದವರಲ್ಲಿ ಯಾರಿಗೆ ಆ ಮಿತಿ ನಿಜವಾಗಿಯೂ ಇತ್ತು, ಯಾರಿಗೆ ಅದು ಕಾಗದದ ಮೇಲೆ ಮಾತ್ರ ಇತ್ತು ಎಂಬುದನ್ನು ಅವು ಬೇರ್ಪಡಿಸಿ ತೋರಿಸುತ್ತವೆ. ಇಲ್ಲಿ ಬರುವ ಸೂಚ್ಯಂಕದ ಅಂಕಿಗಳು ಆ ವಾರದವೇ. ಖಾತೆಗಳೂ ಪ್ರೀಮಿಯಂಗಳೂ ಲೆಕ್ಕದ ಅನುಕೂಲಕ್ಕಾಗಿ ನಾನು ಇಟ್ಟುಕೊಂಡವು. ಆದರೆ ಆ ಹೊತ್ತಿನ ಏರಿಳಿತಕ್ಕೆ ಹೊಂದುವಂತೆಯೇ ಇವೆ.

ಸೋಮವಾರದ ಮಾರುಕಟ್ಟೆ ಮುಗಿಯುವ ಹೊತ್ತಿಗೆ ಎರಡು ಲಕ್ಷ ರೂಪಾಯಿಯ ಮೂರು ಖಾತೆಗಳು ಒಂದೇ ಬುಲ್ ಪುಟ್ ಸ್ಪ್ರೆಡ್ ಮಾರುತ್ತವೆ ಎಂದುಕೊಳ್ಳಿ. ಜೂನ್ 6ರ ಎಕ್ಸ್‌ಪೈರಿಯ 22,700ರ ಪುಟ್ಟನ್ನು 110 ರೂಪಾಯಿಗೆ ಮಾರಿ, ರಕ್ಷಣೆಗಾಗಿ 22,500ರ ಪುಟ್ಟನ್ನು 70 ರೂಪಾಯಿಗೆ ಕೊಳ್ಳಲಾಗಿದೆ. ಕೈಗೆ ಬಂದದ್ದು 40 ಅಂಶ. ಎರಡು ಸ್ಟ್ರೈಕ್‌ಗಳ ನಡುವಿನ ಅಂತರ 200 ಅಂಶ ಆದ್ದರಿಂದ, ನಿಫ್ಟಿ 22,500ಕ್ಕಿಂತ ಕೆಳಗೆ ಎಲ್ಲಿ ಮುಗಿದರೂ ನಷ್ಟ 160 ಅಂಶವನ್ನು ದಾಟುವುದಿಲ್ಲ. ಆಗ ನಿಫ್ಟಿಯ ಒಂದು ಲಾಟ್ ಎಂದರೆ 25. ಹಾಗಾಗಿ ಲಾಟೊಂದಕ್ಕೆ ಗರಿಷ್ಠ ಲಾಭ 1,000 ರೂ., ಗರಿಷ್ಠ ನಷ್ಟ 4,000 ರೂ.

ಇಲ್ಲಿಂದ ಮುಂದೆ ಮೂರೂ ಖಾತೆಗಳ ದಾರಿ ಬೇರೆಯಾಗುತ್ತದೆ, ಏಕೆಂದರೆ ‘ಎಷ್ಟು ಲಾಟ್’ ಎಂಬ ಪ್ರಶ್ನೆಗೆ ಮೂವರೂ ಮೂರು ಬೇರೆ ಸಂಖ್ಯೆಗಳಿಂದ ಭಾಗಿಸಿ ಉತ್ತರ ಕಂಡುಕೊಳ್ಳುತ್ತಾರೆ.

ಮೊದಲನೆಯ ಖಾತೆ ಪೂರ್ಣ ನಷ್ಟವನ್ನೇ ಹಿಡಿದು ಲೆಕ್ಕ ಹಾಕುತ್ತದೆ. ಒಂದು ವ್ಯಾಪಾರದಲ್ಲಿ ಖಾತೆಯ ಶೇಕಡಾ 2ಕ್ಕಿಂತ ಹೆಚ್ಚು ಹೋಗಬಾರದು ಎಂಬುದು ಅದರ ನಿಯಮ. ಎರಡು ಲಕ್ಷದ ಶೇಕಡಾ 2 ಎಂದರೆ 4,000 ರೂ. ಅದನ್ನು ಲಾಟೊಂದರ ಪೂರ್ಣ ನಷ್ಟವಾದ 4,000ದಿಂದ ಭಾಗಿಸಿದರೆ ಸಿಗುವುದು ಒಂದು ಲಾಟ್. ಎರಡನೆಯ ಖಾತೆಯದೂ ಶೇಕಡಾ 2ರ ನಿಯಮವೇ, ಆದರೆ ಅದು ಭಾಗಿಸುವುದು ಸ್ಟಾಪ್‌ಲಾಸ್‌ನಿಂದ. ಸ್ಪ್ರೆಡ್‌ನ ಬೆಲೆ 40ರಿಂದ 80ಕ್ಕೆ ಏರಿದ ಕೂಡಲೇ ಹೊರಬರುತ್ತೇನೆ, ಆಗ ಲಾಟೊಂದಕ್ಕೆ 1,000 ರೂ. ಮಾತ್ರ ನಷ್ಟ ಎಂದು ಎಣಿಸಿ ಅದು ನಾಲ್ಕು ಲಾಟ್ ಮಾರುತ್ತದೆ. ಮೂರನೆಯದು ಬ್ರೋಕರ್ ಕೇಳುವ ಮಾರ್ಜಿನ್‌ನಿಂದ ಭಾಗಿಸುತ್ತದೆ. ಹೆಡ್ಜ್ ಇದ್ದರೂ ಮಾರಿದ ಕಾಲಿನ, ಅಂದರೆ 22,700ರ ಪುಟ್‌ನ, ಒಪ್ಪಂದ ಮೌಲ್ಯದ ಶೇಕಡಾ 2ರಷ್ಟು ಎಕ್ಸ್‌ಪೋಶರ್ ಮಾರ್ಜಿನ್ ಕಟ್ಟಲೇಬೇಕು, ಅದೇ 11,600 ರೂ. ಆಗುತ್ತದೆ, ಅದರ ಮೇಲೆ ಸ್ಪ್ರೆಡ್‌ನ ಸ್ವಂತ ಅಪಾಯದ ಹಣ ಸೇರಿದರೆ ಲಾಟೊಂದಕ್ಕೆ ಸುಮಾರು 16,000. ಎರಡು ಲಕ್ಷದಲ್ಲಿ ಹನ್ನೆರಡು ಲಾಟ್ ಹಿಡಿಯುತ್ತವೆ, ಹನ್ನೆರಡನ್ನೂ ಮಾರಲಾಗುತ್ತದೆ.

ಒಂದು, ನಾಲ್ಕು, ಹನ್ನೆರಡು. ಮೂರೂ ಖಾತೆಯವರು ಒಂದೇ ಸ್ಪ್ರೆಡ್ಡನ್ನು ಮಾರಿದ್ದಾರೆ, ಮೂವರೂ ತಮ್ಮ ನಷ್ಟ ಸೀಮಿತ ಎಂದೇ ಹೇಳಿಕೊಳ್ಳುತ್ತಾರೆ. ಮೊದಲನೆಯವರ ಮಿತಿ ಖಾತೆಯ ಶೇಕಡಾ 2, ಎರಡನೆಯವರದು ನಿಜದಲ್ಲಿ ಶೇಕಡಾ 8, ಮೂರನೆಯವರದು ಶೇಕಡಾ 24. ಮಾರ್ಜಿನ್ ಎಂಬುದು ಬ್ರೋಕರ್ ಮತ್ತು ಕ್ಲಿಯರಿಂಗ್ ಸಂಸ್ಥೆಯ ಸುರಕ್ಷತೆಗಾಗಿ ಇರುವ ಅಂಕಿ. ಖಾತೆದಾರ ಎಷ್ಟು ಕಳೆದುಕೊಂಡು ತಡೆದುಕೊಳ್ಳಬಲ್ಲ ಎಂಬುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಒಪ್ಪಿಸುವುದು ಕಷ್ಟವಲ್ಲ. ಕಷ್ಟವಿರುವುದು ಎರಡನೆಯ ಖಾತೆಯ ವಿಷಯದಲ್ಲಿ, ಏಕೆಂದರೆ ಅದರ ಲೆಕ್ಕ ಮೇಲ್ನೋಟಕ್ಕೆ ಶಿಸ್ತಿನದೇ ಆಗಿ ಕಾಣುತ್ತದೆ.

ಮಂಗಳವಾರ ಬೆಳಿಗ್ಗೆ ಆ ಖಾತೆಯಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸ್ಪ್ರೆಡ್‌ಗೆ ಒಟ್ಟಾಗಿ ಸ್ಟಾಪ್‌ಲಾಸ್ ಇಡುವ ಸೌಲಭ್ಯ ವಿನಿಮಯ ಕೇಂದ್ರದಲ್ಲಿ ಇಲ್ಲವಾದ್ದರಿಂದ, ಸಾಮಾನ್ಯವಾಗಿ ಮಾಡುವಂತೆ, ಮಾರಿದ 22,700ರ ಪುಟ್ ಮೇಲೆ ಮಾತ್ರ ಆರ್ಡರ್ ಇಡಲಾಗಿದೆ. ಆಪ್ಷನ್‌ಗಳಲ್ಲಿ ಮಾರುಕಟ್ಟೆ ಬೆಲೆಯ ಸ್ಟಾಪ್‌ಲಾಸ್ ಆರ್ಡರನ್ನು ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದೆ. ಉಳಿದಿರುವುದು ಲಿಮಿಟ್ ಬೆಲೆ ನಮೂದಿಸುವ ಆರ್ಡರ್ ಮಾತ್ರ. ಟ್ರಿಗರ್ 220, ಲಿಮಿಟ್ 230 ಎಂದು ಇಟ್ಟಿದ್ದಾರೆ ಎನ್ನಿ. ಎಣಿಕೆಯ ಮುನ್ನಡೆಗಳು ಬದಲಾಗುತ್ತಿದ್ದಂತೆ ಪುಟ್‌ಗಳ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಜಿಗಿಯುತ್ತದೆ. 215ರಲ್ಲಿ ವಹಿವಾಟು ನಡೆದು ಮುಂದಿನದು 245ರಲ್ಲಿ ನಡೆದರೆ, ಆರ್ಡರ್ ಜೀವಂತವಾಗುತ್ತದೆ ಆದರೆ 230ಕ್ಕೆ ಮಾರುವವರು ಯಾರೂ ಇಲ್ಲದೆ ಹಾಗೆಯೇ ತೆರೆಯ ಮೇಲೆ ಉಳಿಯುತ್ತದೆ. ಖಾತೆದಾರ ಅದನ್ನು 260ಕ್ಕೆ ತಿದ್ದುವಷ್ಟರಲ್ಲಿ ಬೆಲೆ 290. ಕೊನೆಗೆ ಹೇಗೋ ಒಂದು ಬೆಲೆಗೆ ಮಾರಿದ ಕಾಲನ್ನು ಮುಚ್ಚಿ, ಕೊಂಡ ಕಾಲನ್ನು ಮಾರಿ ಹೊರಬಂದಾಗ ಸ್ಪ್ರೆಡ್‌ಗೆ ತೆತ್ತದ್ದು 80 ಅಲ್ಲ, 150. ನಷ್ಟ 110 ಅಂಶ, ನಾಲ್ಕು ಲಾಟ್‌ಗೆ 11,000 ರೂ., ಖಾತೆಯ ಶೇಕಡಾ 5.5. ಶೇಕಡಾ 2ರ ನಿಯಮ ಎಲ್ಲಿ ಮುರಿಯಿತು ಎಂದು ಹುಡುಕಿದರೆ ಮಂಗಳವಾರ ಬೆಳಿಗ್ಗೆ ಸಿಗುವುದಿಲ್ಲ. ಸೋಮವಾರ ನಾಲ್ಕು ಲಾಟ್ ಎಂದು ನಿರ್ಧರಿಸಿದಾಗಲೇ ಅದು ಮುರಿದಿತ್ತು.

ಇನ್ನೂ ಒಂದು ಸಂಗತಿ ಇದೆ, ಹೊಸಬರಿಗೆ ನಂಬಲು ಕಷ್ಟವಾಗುವಂಥದ್ದು. ಅಂಥ ಗಳಿಗೆಯಲ್ಲಿ ಹೊರಬರುವವರು ಗರಿಷ್ಠ ನಷ್ಟಕ್ಕಿಂತ ಹೆಚ್ಚು ಕಳೆದುಕೊಳ್ಳುವುದೂ ಸಾಧ್ಯ. ನಿಫ್ಟಿ 21,300ರ ಬಳಿ ಇರುವಾಗ ಎರಡೂ ಪುಟ್‌ಗಳು ಆಳವಾಗಿ ಹಣದೊಳಗಿರುತ್ತವೆ, ಅವುಗಳಲ್ಲಿ ವಹಿವಾಟು ತೆಳುವಾಗಿ, ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ಹಿಗ್ಗಿರುತ್ತದೆ. 22,700ರ ಪುಟ್ಟನ್ನು ಕೊಳ್ಳಬೇಕಾದರೆ 1,425 ಕೇಳುತ್ತಾರೆ, 22,500ರ ಪುಟ್ಟನ್ನು ಮಾರಬೇಕಾದರೆ 1,205 ಕೊಡುತ್ತಾರೆ ಎಂದುಕೊಂಡರೆ, 200 ಅಂಶಕ್ಕಿಂತ ಎಂದೂ ಹೆಚ್ಚಾಗಲಾರದ ಸ್ಪ್ರೆಡ್‌ಗೆ 220 ಅಂಶ ತೆತ್ತಂತಾಯಿತು. ಎಕ್ಸ್‌ಪೈರಿಯವರೆಗೆ ಇಟ್ಟುಕೊಂಡಿದ್ದರೆ ಈ ಹೆಚ್ಚುವರಿ 20 ಅಂಶ ಹೋಗುತ್ತಿರಲಿಲ್ಲ. ನಷ್ಟದ ಮಿತಿ ಎಕ್ಸ್‌ಪೈರಿಯ ಇತ್ಯರ್ಥಕ್ಕೆ ಸಂಬಂಧಿಸಿದ ಗ್ಯಾರಂಟಿ. ನಡುದಾರಿಯಲ್ಲಿ ಎರಡು ಕಾಲುಗಳನ್ನು ಬೇರೆಬೇರೆಯಾಗಿ ಮುಚ್ಚುವವರಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಸ್ಪ್ರೆಡ್ ತನ್ನ ಪೂರ್ಣ ಬೆಲೆಯ ಹತ್ತಿರ ತಲುಪಿದ ಮೇಲೆ ಅದನ್ನು ಮುಚ್ಚಲು ಓಡಾಡುವುದರಲ್ಲಿ ಅರ್ಥವಿಲ್ಲ: ಉಳಿಯುವುದು ನಾಲ್ಕಾರು ಅಂಶ, ತೆರಬೇಕಾಗುವುದು ಅದಕ್ಕಿಂತ ಹೆಚ್ಚು.

ಮೊದಲನೆಯ ಖಾತೆಗೆ ಈ ಓಡಾಟ ಬೇಕಾಗಲಿಲ್ಲ. ಮಂಗಳವಾರ ಸಂಜೆ ಅದರ ತೆರೆಯಲ್ಲೂ ಮೂರೂವರೆ ಸಾವಿರದ ಆಸುಪಾಸಿನ ನಷ್ಟ ಕಂಡಿರುತ್ತದೆ. ಆದರೆ ಆ 4,000 ರೂಪಾಯಿ ಸೋಮವಾರವೇ ಲೆಕ್ಕದಲ್ಲಿ ಹೋದ ಹಣ. ಗುರುವಾರ ನಿಫ್ಟಿ 22,821ರಲ್ಲಿ ಮುಗಿದಾಗ ಎರಡೂ ಪುಟ್‌ಗಳು ಬೆಲೆಯಿಲ್ಲದೆ ಮುಗಿದು, ಪೂರ್ತಿ 1,000 ರೂಪಾಯಿ ಖಾತೆಯಲ್ಲೇ ಉಳಿಯಿತು.

ಇದನ್ನು ನಿಯಮದ ಗೆಲುವು ಎಂದು ಬರೆದುಬಿಡುವುದು ಸುಲಭ, ಆದರೆ ಅದು ಸರಿಯಲ್ಲ. ಮೂರನೆಯ ಖಾತೆಯವರು ಕಣ್ಣು ಮುಚ್ಚಿ ಕುಳಿತಿದ್ದು, ಬ್ರೋಕರ್ ಕೂಡ ಕೈ ಹಾಕದೆ ಬಿಟ್ಟಿದ್ದರೆ, ಗುರುವಾರ ಅವರಿಗೆ 12,000 ರೂ. ಬರುತ್ತಿತ್ತು; ಮೂವರಲ್ಲಿ ಅದೇ ದೊಡ್ಡ ಲಾಭ. ಹಣವೆಲ್ಲ ಮಾರ್ಜಿನ್‌ಗೇ ಹೋಗಿರುವ ಖಾತೆಯಲ್ಲಿ ಮಾರ್ಜಿನ್ ಒಂದಿಷ್ಟು ಏರಿದರೂ ಬ್ರೋಕರ್ ಸ್ಥಾನವನ್ನು ಮುಚ್ಚಬಹುದು, ಹಾಗೆ 190ರಲ್ಲಿ ಮುಚ್ಚಿದ್ದರೆ 45,000 ರೂ. ಹೋಗುತ್ತಿತ್ತು ಎಂಬುದು ನಿಜ. ಆದರೆ ಮಾರುಕಟ್ಟೆ ಮರಳಿ ಏರಿದ್ದು ಯಾರ ನಿಯಮದಿಂದಲೂ ಅಲ್ಲ. 2020ರ ಮಾರ್ಚ್ 12ರ ಗುರುವಾರವನ್ನು ನೋಡಿ: ಕೊರೊನಾ ಭೀತಿಯಲ್ಲಿ ನಿಫ್ಟಿ 868 ಅಂಶ, ಶೇಕಡಾ 8.3ರಷ್ಟು ಬಿದ್ದು 9,590ರಲ್ಲಿ ಮುಗಿಯಿತು, ಮತ್ತು ಅದೇ ಆ ವಾರದ ಎಕ್ಸ್‌ಪೈರಿ. ಮರುದಿನದ ಚೇತರಿಕೆ ಆ ವಾರದ ಪುಟ್ ಮಾರಿದವರಿಗೆ ಸಿಗಲಿಲ್ಲ. ಅಂಥ ದಿನ ಮೊದಲನೆಯ ಖಾತೆಯೂ ತನ್ನ 4,000 ರೂಪಾಯಿಯನ್ನು ಪೂರ್ತಿ ಕಳೆದುಕೊಳ್ಳುತ್ತದೆ, 1,96,000ದೊಂದಿಗೆ ಮುಂದಿನ ವಾರಕ್ಕೆ ಹೋಗುತ್ತದೆ. ಹನ್ನೆರಡು ಲಾಟ್‌ನ ಖಾತೆ 1,52,000ದೊಂದಿಗೆ ಹೋಗುತ್ತದೆ. ಅದೇ ಪ್ರಮಾಣದಲ್ಲಿ ಇನ್ನೆರಡು ಪೂರ್ಣ ನಷ್ಟ ಬಂದರೆ ಉಳಿಯುವುದು ಸುಮಾರು 88,000. ಅಲ್ಲಿಂದ ಎರಡು ಲಕ್ಷಕ್ಕೆ ಮರಳಲು ಉಳಿದ ಹಣ ಎರಡೂಕಾಲು ಪಟ್ಟಿಗಿಂತ ಹೆಚ್ಚಾಗಬೇಕು.

ಶೇಕಡಾ 2 ಏಕೆ, 5 ಅಥವಾ 10 ಏಕಲ್ಲ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಇಂಥ ಸ್ಪ್ರೆಡ್‌ನ ಸ್ವಭಾವದಲ್ಲೇ ಇದೆ. 40 ಗಳಿಸಲು 160 ಪಣವಿಟ್ಟಿದ್ದೇವೆ. ಒಂದು ಪೂರ್ಣ ನಷ್ಟ ನಾಲ್ಕು ಪೂರ್ಣ ಲಾಭಗಳನ್ನು ನುಂಗುತ್ತದೆ. ನಡುವಿನ ಫಲಿತಾಂಶಗಳನ್ನು ಬದಿಗಿಟ್ಟು ನೋಡಿದರೆ, ನೂರರಲ್ಲಿ ಎಂಬತ್ತು ಸಲ ಗೆದ್ದರೆ ಖರ್ಚಿಗೆ ಮುಂಚೆ ಸರಿಸಮ. ಪಣದ ಗಾತ್ರ ಹೇಳುವ ಕೆಲ್ಲಿ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿ ನೋಡೋಣ. p ಗೆಲುವಿನ ಸಂಭವ, q ಸೋಲಿನದು, b ಎಂದರೆ ಒಂದು ರೂಪಾಯಿ ಪಣಕ್ಕೆ ಸಿಗುವ ಲಾಭ, ಇಲ್ಲಿ 0.25.

```
f = p - q / b
p = 0.82:  f = 0.82 - 0.18 / 0.25 = 0.10
p = 0.80:  f = 0.80 - 0.20 / 0.25 = 0.00
p = 0.78:  f = 0.78 - 0.22 / 0.25 = -0.10
```

ಗೆಲುವಿನ ಪ್ರಮಾಣ ಶೇಕಡಾ 82 ಇದ್ದರೆ ಖಾತೆಯ ಹತ್ತನೇ ಒಂದು ಭಾಗವನ್ನು ಪಣವಿಡಬಹುದು ಎನ್ನುವ ಸೂತ್ರ, ಅದು 80 ಇದ್ದರೆ ಏನನ್ನೂ ಇಡಬೇಡಿ ಎನ್ನುತ್ತದೆ, 78 ಇದ್ದರೆ ಈ ವ್ಯಾಪಾರವನ್ನೇ ಮಾಡಬೇಡಿ ಎನ್ನುತ್ತದೆ. ಈಗ ತನ್ನ ಗೆಲುವಿನ ಪ್ರಮಾಣವನ್ನು ಖಾತೆದಾರ ಎಷ್ಟು ನಿಖರವಾಗಿ ತಿಳಿಯಬಲ್ಲ? ನೂರು ವ್ಯಾಪಾರಗಳ ದಾಖಲೆ ಇಟ್ಟು ಎಂಬತ್ತೆರಡರಲ್ಲಿ ಗೆದ್ದಿದ್ದರೂ, ಆ ಅಂಕಿಯ ಸಹಜ ಏರುಪೇರು ಎರಡೂ ಕಡೆಗೆ ನಾಲ್ಕು ಪ್ರತಿಶತದಷ್ಟು. ಅಂದರೆ ನಿಜವಾದ ಪ್ರಮಾಣ 78 ಇರಬಹುದು, 86 ಇರಬಹುದು. ನೂರು ವ್ಯಾಪಾರಗಳಾದ ಮೇಲೂ ತನಗೆ ಮೇಲುಗೈ ಇದೆಯೋ ಇಲ್ಲವೋ ಎಂಬುದೇ ತೀರ್ಮಾನವಾಗಿರುವುದಿಲ್ಲ. ವಾರಕ್ಕೊಂದು ಸ್ಪ್ರೆಡ್ ಮಾರುವವರಿಗೆ ಆ ನೂರು ಮುಗಿಯಲು ಎರಡು ವರ್ಷ ಬೇಕು. ಆ ಎರಡು ವರ್ಷ ಖಾತೆ ಬದುಕಿರಬೇಕು ಎಂಬುದಕ್ಕೇ ಶೇಕಡಾ 2. ಅದರಲ್ಲಿ ಮಂತ್ರಶಕ್ತಿ ಏನೂ ಇಲ್ಲ, 1.5 ಅಥವಾ 3 ಎಂದರೂ ನನ್ನ ತಕರಾರಿಲ್ಲ. 10 ಎಂದರೆ ಮಾತ್ರ, ಯಾರೂ ಅಳೆಯಲಾಗದ ಒಂದು ಸಂಖ್ಯೆಯ ಮೇಲೆ ಖಾತೆಯನ್ನು ನಿಲ್ಲಿಸಿದಂತೆ.

ವ್ಯಾಪಾರವೊಂದರ ಮಿತಿಯಷ್ಟೇ ಸಾಲದು, ಏಕೆಂದರೆ ಅದನ್ನು ಹೋಳು ಮಾಡಿ ಮೀರುವುದು ಸುಲಭ. ನಿಫ್ಟಿಯಲ್ಲಿ ಶೇಕಡಾ 2, ಬ್ಯಾಂಕ್ ನಿಫ್ಟಿಯಲ್ಲಿ ಶೇಕಡಾ 2, ಇನ್ನೊಂದು ಸೂಚ್ಯಂಕದಲ್ಲಿ ಶೇಕಡಾ 2 ಎಂದು ಮೂರು ಪುಟ್ ಸ್ಪ್ರೆಡ್ ಮಾರಿದವರು ಮೂರು ಬೇರೆ ವ್ಯಾಪಾರ ಮಾಡಿದ್ದೇವೆ ಎಂದುಕೊಳ್ಳುತ್ತಾರೆ. ಜೂನ್ 4ರಂದು ಬ್ಯಾಂಕ್ ನಿಫ್ಟಿ ನಿಫ್ಟಿಗಿಂತಲೂ ಹೆಚ್ಚು, ಶೇಕಡಾ 8ರ ಹತ್ತಿರ ಬಿತ್ತು. ಅವೆಲ್ಲ ಒಂದೇ ವ್ಯಾಪಾರವಾಗಿದ್ದವು. ಒಂದೇ ದಿಕ್ಕಿನಲ್ಲಿ ತೆರೆದಿರುವ ಎಲ್ಲ ಸ್ಪ್ರೆಡ್‌ಗಳ ಪೂರ್ಣ ನಷ್ಟವನ್ನು ಕೂಡಿದಾಗ ಖಾತೆಯ ಶೇಕಡಾ 4 ದಾಟಬಾರದು ಎಂಬ ಎರಡನೆಯ ಗೆರೆ ಇದಕ್ಕಾಗಿ ಬೇಕು. ಅದರ ಮೇಲೆ ತಿಂಗಳ ಗೆರೆ: ತಿಂಗಳ ಆರಂಭದ ಮೊತ್ತದಿಂದ ಶೇಕಡಾ 6 ಇಳಿದರೆ ಆ ತಿಂಗಳು ಹೊಸ ಸ್ಪ್ರೆಡ್ ಇಲ್ಲ. ಇಳಿಕೆಯಲ್ಲಿ ಶೇಕಡಾ 2ನ್ನು ಆ ದಿನದ ಮೊತ್ತದ ಮೇಲೆ ಲೆಕ್ಕ ಹಾಕಬೇಕು, ಏರಿಕೆಯಲ್ಲಿ ಮಾತ್ರ ತಿಂಗಳ ಕೊನೆಯವರೆಗೆ ಹಳೆಯ ಮೊತ್ತವನ್ನೇ ಹಿಡಿಯಬೇಕು.

ಈ ಗೆರೆಗಳನ್ನು ಸದ್ದಿಲ್ಲದೆ ದಾಟಿಸುವ ಒಂದು ರೂಢಿ ಇದೆ, ಅದಕ್ಕೆ ‘ಅಡ್ಜಸ್ಟ್‌ಮೆಂಟ್’ ಎಂದು ಹೆಸರು. ಸ್ಪ್ರೆಡ್ ನಷ್ಟಕ್ಕೆ ಹೋದಾಗ ಅದನ್ನು ಮುಚ್ಚಿ, ಮುಂದಿನ ವಾರದ ಕೆಳಗಿನ ಸ್ಟ್ರೈಕ್‌ಗಳಲ್ಲಿ ಎರಡು ಪಟ್ಟು ಲಾಟ್ ಮಾರಿ, ಬಂದ ಪ್ರೀಮಿಯಂನಿಂದ ಹಳೆಯ ನಷ್ಟ ಮುಚ್ಚಿಹೋಯಿತು ಎನ್ನುವುದು. ಲೆಕ್ಕದಲ್ಲಿ ಅದು ಹಳೆಯ ವ್ಯಾಪಾರದ ಮುಂದುವರಿಕೆ ಅಲ್ಲ. ಒಂದು ಲಾಟ್‌ನಲ್ಲಿ 3,000 ರೂ. ಕಳೆದುಕೊಂಡು ಮುಂದಿನ ವಾರ ಎರಡು ಲಾಟ್ ಮಾರಿದವರ ಒಟ್ಟು ಅಪಾಯ 3,000 ಮತ್ತು 8,000, ಸೇರಿ 11,000 ರೂ. ಕಳೆದುಕೊಂಡದ್ದನ್ನೂ ಹೊಸದರ ಪೂರ್ಣ ನಷ್ಟವನ್ನೂ ಕೂಡಿ ಮಿತಿಯೊಳಗೆ ಬಂದರೆ ಮಾತ್ರ ಮುಂದಕ್ಕೆ ಹಾಕಬಹುದು. ನಮ್ಮ ಎರಡು ಲಕ್ಷದ ಖಾತೆಯಲ್ಲಿ ಅದು ಬಹುತೇಕ ಬರುವುದಿಲ್ಲ.

ಐರನ್ ಕಾಂಡರ್, ಅಂದರೆ ಒಂದು ಕಾಲ್ ಸ್ಪ್ರೆಡ್ಡನ್ನೂ ಒಂದು ಪುಟ್ ಸ್ಪ್ರೆಡ್ಡನ್ನೂ ಒಟ್ಟಿಗೆ ಮಾರುವವರು, ಅಪಾಯವನ್ನು ಒಂದು ಕಡೆಗೆ ಹಿಡಿಯಬೇಕೋ ಎರಡೂ ಕಡೆಗೋ ಎಂದು ಕೇಳುವ ಪ್ರಶ್ನೆಗೂ ಈ ವಾರದಲ್ಲೇ ಉತ್ತರವಿದೆ. ಕಾಲ್ ಕಡೆ ಮತ್ತು ಪುಟ್ ಕಡೆ ಎರಡೂ ಒಂದೇ ಎಕ್ಸ್‌ಪೈರಿಯಲ್ಲಿ ಸೋಲಲಾರವು, ಆದ್ದರಿಂದ ಒಂದು ಕಡೆಯ ಅಂತರವನ್ನು ಮಾತ್ರ ಅಪಾಯವೆಂದು ಹಿಡಿಯುವುದು ರೂಢಿ. ಎಕ್ಸ್‌ಪೈರಿಯವರೆಗೆ ಇಟ್ಟುಕೊಳ್ಳುವವರ ಮಟ್ಟಿಗೆ ಇದು ಸರಿ. ಆದರೆ ಮೇ 31ರಂದು ಕಾಂಡರ್ ಮಾರಿ, ಸೋಮವಾರದ 800 ಅಂಶಗಳ ಜಿಗಿತದಲ್ಲಿ ಹೆದರಿ ಕಾಲ್ ಕಡೆಯನ್ನು ನಷ್ಟದಲ್ಲಿ ಮುಚ್ಚಿ, ಮಂಗಳವಾರದ ಕುಸಿತದಲ್ಲಿ ಪುಟ್ ಕಡೆಯನ್ನೂ ನಷ್ಟದಲ್ಲಿ ಮುಚ್ಚಿದವರು ಎರಡೂ ಕಡೆ ಸೋತರು. ಸೋಮವಾರದ ಆ ತೆರೆದ ಬೆಲೆಗೆ ಯಾವ ಸ್ಟಾಪ್‌ಲಾಸೂ ಉತ್ತರವಲ್ಲ, ಏಕೆಂದರೆ ಶುಕ್ರವಾರದ ಬೆಲೆಗೂ ಅದಕ್ಕೂ ನಡುವೆ ವಹಿವಾಟೇ ನಡೆದಿರಲಿಲ್ಲ. ನಡುವೆ ಹೊರಬರುವ ಅಭ್ಯಾಸವಿದ್ದವರು ಎರಡೂ ಕಡೆಯ ಅಂತರವನ್ನು ಕೂಡಿಯೇ ಲಾಟ್ ನಿರ್ಧರಿಸಬೇಕು.

ಇಷ್ಟೂ ಲೆಕ್ಕ ಸೂಚ್ಯಂಕದ ಆಪ್ಷನ್‌ಗಳಿಗೆ, ಅಂದರೆ ನಗದಿನಲ್ಲಿ ಇತ್ಯರ್ಥವಾಗುವಂಥವಕ್ಕೆ ಮಾತ್ರ. ಬಿಡಿ ಷೇರುಗಳ ಆಪ್ಷನ್‌ಗಳಲ್ಲಿ ಎಕ್ಸ್‌ಪೈರಿಗೆ ಷೇರುಗಳನ್ನೇ ಪಡೆಯುವ ಅಥವಾ ಒಪ್ಪಿಸುವ ಹೊಣೆ ಬರುತ್ತದೆ. ಬೆಲೆ ಎರಡು ಸ್ಟ್ರೈಕ್‌ಗಳ ನಡುವೆ ಮುಗಿದರೆ ಮಾರಿದ ಪುಟ್ ಮಾತ್ರ ಜಾರಿಯಾಗಿ, ಕೊಂಡದ್ದು ಸತ್ತುಹೋಗಿ, ಸಣ್ಣ ಖಾತೆಯ ತಲೆಯ ಮೇಲೆ ಹಲವು ಲಕ್ಷದ ಷೇರು ಕೊಳ್ಳುವ ಹೊಣೆ ಬೀಳುತ್ತದೆ. ಅಲ್ಲಿ ಎಕ್ಸ್‌ಪೈರಿಯವರೆಗೆ ಇಟ್ಟುಕೊಳ್ಳುವ ಆಯ್ಕೆ ಸಣ್ಣ ಖಾತೆಗೆ ಇಲ್ಲ.

ಕೊನೆಯದಾಗಿ, ಇದೇ ಸ್ಪ್ರೆಡ್ಡನ್ನು ಇಂದಿನ ಲಾಟ್ ಗಾತ್ರದಲ್ಲಿ ಇಟ್ಟು ನೋಡಬೇಕು. ಒಪ್ಪಂದದ ಕನಿಷ್ಠ ಮೌಲ್ಯವನ್ನು ಸೆಬಿ 15 ಲಕ್ಷಕ್ಕೆ ಏರಿಸಿದ ಮೇಲೆ, 2024ರ ನವೆಂಬರ್‌ನಿಂದ ಹೊಸ ನಿಫ್ಟಿ ಒಪ್ಪಂದಗಳ ಲಾಟ್ 75 ಆಯಿತು; 2026ರ ಜನವರಿಯ ಒಪ್ಪಂದಗಳಿಂದ 65. 160 ಅಂಶದ ಪೂರ್ಣ ನಷ್ಟ ಈಗ ಲಾಟೊಂದಕ್ಕೆ 10,400 ರೂ. ಶೇಕಡಾ 2ರ ಮಿತಿಯ 4,000ವನ್ನು ಅದರಿಂದ ಭಾಗಿಸಿದರೆ ಸಿಗುವ ಪೂರ್ಣಾಂಕ ಸೊನ್ನೆ. ಒಂದು ಲಾಟ್ ಮಾರಬೇಕಾದರೆ ಖಾತೆಯಲ್ಲಿ 5,20,000 ರೂ. ಇರಬೇಕು. ಸ್ಟ್ರೈಕ್‌ಗಳ ಅಂತರವನ್ನು 50 ಅಂಶಕ್ಕೆ ಇಳಿಸಿ 10 ಅಂಶ ಪಡೆದರೆ ಪೂರ್ಣ ನಷ್ಟ 2,600 ರೂ. ಆಗಿ ಮಿತಿಯೊಳಗೆ ಬರುತ್ತದೆ, ಆದರೆ ಗರಿಷ್ಠ ಲಾಭ 650 ರೂ. ಆರ್ಡರಿಗೆ 20 ರೂ. ದಲ್ಲಾಳಿಯಂತೆ ಎರಡು ಕಾಲುಗಳನ್ನು ತೆರೆದು ಮುಚ್ಚಲು 80 ರೂ., ಅದರ ಮೇಲೆ ತೆರಿಗೆ ಮತ್ತು ಶುಲ್ಕಗಳು. ಲಾಭದ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತದೆ. ಆಗ ಸರಿಸಮವಾಗಲು ಬೇಕಾದ ಗೆಲುವಿನ ಪ್ರಮಾಣ 80ರಿಂದ 83ರ ಹತ್ತಿರ ಏರುತ್ತದೆ. ಎಕ್ಸ್‌ಪೈರಿಯವರೆಗೆ ಬಿಟ್ಟು ಮುಚ್ಚುವ ಆರ್ಡರುಗಳನ್ನು ಉಳಿಸಿದರೆ 82ರ ಆಸುಪಾಸಿಗೆ ಇಳಿಯುತ್ತದೆ. ಎರಡು ಲಕ್ಷದ ಖಾತೆಗೆ ಇಂದು ಮಿತಿಯೊಳಗೆ ಸಿಗುವುದು ಈ ಕಿರಿದಾದ ಸ್ಪ್ರೆಡ್‌ನ ಒಂದು ಲಾಟ್ ಮಾತ್ರ, 200 ಅಂಶದ ಸ್ಪ್ರೆಡ್ ಅದರ ಪಾಲಿಗೆ ಇಲ್ಲ.